ಅರವತ್ತರ ಮುಳ್ಳು ಮತ್ತು ಏಸಿಯ ಗ್ಯಾಸ್

ಕಲಬುರಗಿಯಂಥ ಊರಿನಲ್ಲಿ ಏಪ್ರಿಲ್ ಬಂತೆಂದರೆ ಏಸಿ ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿರುವುದಿಲ್ಲ. ರೂಮು ತಂಪಾಗುತ್ತಿಲ್ಲ ಎಂದು ಫೋನ್ ಮಾಡಿದರೆ ಉತ್ತರ ಸಿದ್ಧವಾಗಿರುತ್ತದೆ: "ಗ್ಯಾಸ್ ಖಾಲಿ ಆಗ್ಯದ್ರೀ, ತುಂಬಬೇಕು." ಎಷ್ಟಾಗುತ್ತದೆ ಎಂದು ಕೇಳುತ್ತೇವೆಯೇ ಹೊರತು ಯಾವ ಗ್ಯಾಸ್ ಎಂದು ಕೇಳುವುದಿಲ್ಲ. ಉತ್ತರ ಔಟ್‌ಡೋರ್ ಯೂನಿಟ್ಟಿನ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಗ್ಯಾಸಿನ ಹೆಸರೂ ಅದರ ತೂಕವೂ ಅಲ್ಲಿ ಅಚ್ಚಾಗಿರುತ್ತವೆ.

ಹಳೆಯ ಸ್ಪ್ಲಿಟ್ ಏಸಿಗಳಲ್ಲಿ ಇದ್ದದ್ದು ಆರ್-22. ಅದರಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ. ಹಾಗಾಗಿ 1987ರ ಮಾಂಟ್ರಿಯಲ್ ಒಪ್ಪಂದದ ಚೌಕಟ್ಟಿನಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಅದರ ಜಾಗಕ್ಕೆ ಬಂದ ಆರ್-410ಎಯಲ್ಲಿ ಕ್ಲೋರಿನ್ ಇಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2088 ಪಟ್ಟು ಜೋರು. ಇಂದು ಹೊಸ ಏಸಿಗಳಲ್ಲಿ ಹೆಚ್ಚಾಗಿ ಕಾಣುವ ಆರ್-32ಕ್ಕೆ ಈ ಲೆಕ್ಕ ಸುಮಾರು 675. ಕೆಲವು ಮಾದರಿಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ನಮ್ಮ ಅಡುಗೆ ಸಿಲಿಂಡರಿನಲ್ಲಿರುವ ಅನಿಲಗಳಲ್ಲೊಂದು. ಅದು ಭೂಮಿಯನ್ನು ಬಿಸಿ ಮಾಡುವುದು ತೀರಾ ಕಡಿಮೆ, ಹೊತ್ತಿಕೊಳ್ಳುವುದು ಮಾತ್ರ ಬೇಗ.

ಪರಿಸರದ ಮಾತು ಹಾಗಿರಲಿ. ರಿಪೇರಿಯ ಹೊತ್ತಿಗೆ ಮುಖ್ಯವಾಗುವುದು ಒತ್ತಡ. ಒಳಗಿನ ಕಾಯಿಲ್‌ನಲ್ಲಿ ದ್ರವ ಕುದಿದು ಅನಿಲವಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಎಷ್ಟು ಒತ್ತಡದಲ್ಲಿ ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂಬುದು ಒಂದೊಂದು ಗ್ಯಾಸಿಗೆ ಒಂದೊಂದು ಥರ. ಕಾಯಿಲ್ ಸುಮಾರು 5 ಡಿಗ್ರಿಯಲ್ಲಿರಬೇಕಾದರೆ ಆರ್-22ರ ಗೇಜ್ 70 ಪಿಎಸ್‌ಐ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರ್-32ರಲ್ಲಿ ಅದೇ ತಂಪಿಗೆ 120 ದಾಟಬೇಕು.

ಈಗ ಆರ್-22 ಕಾಲದಲ್ಲಿ ಕೆಲಸ ಕಲಿತ ಒಬ್ಬ ಮೆಕ್ಯಾನಿಕ್ ನಿಮ್ಮ ಒಂದೂವರೆ ಟನ್ನಿನ ಆರ್-32 ಏಸಿಯ ಮುಂದೆ ಕೂತಿದ್ದಾನೆ ಎಂದುಕೊಳ್ಳಿ. ಅವನ ಕೈಗೆ ಅಭ್ಯಾಸವಾಗಿರುವುದು 60 ಪಿಎಸ್‌ಐ. ತಂದಿರುವ ಸಿಲಿಂಡರ್ ಸರಿಯಾದದ್ದೇ. ಮುಳ್ಳು 60ಕ್ಕೆ ಬಂದ ಕೂಡಲೇ ವಾಲ್ವ್ ಮುಚ್ಚುತ್ತಾನೆ. ಆ ಒತ್ತಡದಲ್ಲಿ ಆರ್-22 ಸುಮಾರು 1 ಡಿಗ್ರಿಗೆ ಕುದಿಯುತ್ತಿತ್ತು. ಆರ್-32 ಕುದಿಯುವುದು ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೆ. ಗ್ಯಾಸ್ ಕಡಿಮೆಯಾದ್ದರಿಂದ ಕಾಯಿಲಿನ ಮೊದಲ ತುದಿಯಲ್ಲೇ ಅದೆಲ್ಲ ಆವಿಯಾಗುತ್ತದೆ. ಆ ತುದಿಗೆ ಐಸು ಕಟ್ಟುತ್ತದೆ, ಉಳಿದ ಕಾಯಿಲ್ ಬೆಚ್ಚಗೇ ಇರುತ್ತದೆ. ಔಟ್‌ಡೋರ್ ಯೂನಿಟ್ಟಿನ ಸಣ್ಣ ಪೈಪಿನ ಮೇಲೂ ಬಿಳಿ ಹಿಮ ಕಾಣುತ್ತದೆ. ಆ ಹಿಮವನ್ನು ಕಂಡು "ನೋಡ್ರಿ, ಎಷ್ಟು ತಂಪು!" ಎಂದು ಹೊಗಳಿಕೊಂಡು ಹೋಗುವವರೂ ಉಂಟು. ಕಂಪ್ರೆಸರಿನ ಮೋಟಾರು ತಣ್ಣಗಾಗುವುದು ಮರಳಿ ಬರುವ ಗ್ಯಾಸಿನಿಂದಲೇ. ಅದು ಸಾಲದೆ ಹೋದಾಗ ಮೋಟಾರು ಕಾಯುತ್ತದೆ, ಏಸಿ ಆಗಾಗ ತಾನೇ ನಿಲ್ಲುತ್ತದೆ.

ಏಸಿ ಇನ್ವರ್ಟರ್ ಆಗಿದ್ದರೆ ಮುಳ್ಳನ್ನು ನಂಬುವುದು ಇನ್ನೂ ಕಷ್ಟ. ಕಂಪ್ರೆಸರಿನ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ. ಆದ್ದರಿಂದ ಗ್ಯಾಸನ್ನು ತೂಕದಿಂದಲೇ ಹಾಕಬೇಕು. ಚೀಟಿಯಲ್ಲಿ 750 ಗ್ರಾಂ ಎಂದಿದ್ದರೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟೇ ಇಳಿಸಬೇಕು. ಪೈಪು ಮಾಮೂಲಿಗಿಂತ ಉದ್ದವಿದ್ದರೆ ಮೀಟರಿಗಿಷ್ಟು ಎಂದು ಕಂಪನಿ ಹೇಳಿದಷ್ಟು ಸೇರಿಸಬೇಕು.

ಅದಕ್ಕೂ ಮೊದಲು ಸೋರಿಕೆ ಹುಡುಕಬೇಕು. ಏಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಪೈಪಿಗೆ ಒಣ ನೈಟ್ರೋಜನ್ ಏರಿಸಿ, ಫ್ಲೇರ್ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿದರೆ ಬಹಳ ಸಲ ಗುಳ್ಳೆ ಅಲ್ಲೇ ಏಳುತ್ತದೆ. ಆಮೇಲೆ ಪಂಪಿನಿಂದ ವ್ಯಾಕ್ಯೂಮ್ ಮಾಡಬೇಕು. ಆರ್-22 ಏಸಿಗಳಲ್ಲಿದ್ದ ಖನಿಜ ತೈಲ ಸ್ವಲ್ಪ ತೇವವನ್ನು ಸಹಿಸುತ್ತಿತ್ತು. ಹೊಸ ಗ್ಯಾಸುಗಳ ಜೊತೆ ಸಾಮಾನ್ಯವಾಗಿ ಬಳಸುವ ಎಸ್ಟರ್ ತೈಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಕಾಲಕ್ರಮದಲ್ಲಿ ಆ ಆಮ್ಲ ಮೋಟಾರಿನ ಸುರುಳಿಯ ಲೇಪವನ್ನೇ ತಿನ್ನುತ್ತದೆ. ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ತಳ್ಳುವ ಹಳೆಯ ಅಡ್ಡದಾರಿಗೆ ಇಲ್ಲಿ ಜಾಗವಿಲ್ಲ.

ಇನ್ನು ಬೆಂಕಿಯ ಮಾತು. ಆರ್-32 ಸುಲಭಕ್ಕೆ ಹೊತ್ತುವುದಿಲ್ಲ. ಗಾಳಿಯಲ್ಲಿ ಶೇ. 14ರ ಹತ್ತಿರ ಸೇರಿದ ಮೇಲಷ್ಟೇ ಹೊತ್ತಬಲ್ಲದು. ಪ್ರೊಪೇನಿಗೆ ಶೇ. 2ರಷ್ಟು ಸಾಕು. ಎರಡೂ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತವೆ. ಕಿಟಕಿ ತೆರೆದಿಡಬೇಕು. ಪೈಪಿನಲ್ಲಿ ಗ್ಯಾಸ್ ಇರುವಾಗ ಬೆಸುಗೆಯ ಟಾರ್ಚ್ ಹಚ್ಚಲೇಬಾರದು.

ಹಳೆಯ ಆರ್-22 ಏಸಿಗೆ ಹೊಸ ಗ್ಯಾಸ್ ಹಾಕಿಸಬಹುದೇ ಎಂದು ಹಲವರು ಕೇಳುತ್ತಾರೆ. 30 ಡಿಗ್ರಿಯ ನೆರಳಿನಲ್ಲಿ ಏಸಿ ಸುಮ್ಮನೆ ನಿಂತಿದ್ದರೂ ಆರ್-22ರ ಒತ್ತಡ ಸುಮಾರು 160 ಪಿಎಸ್‌ಐ, ಆರ್-32ರದ್ದು ಸುಮಾರು 265. ಹಳೆಯ ಕಂಪ್ರೆಸರು, ಕಾಯಿಲು, ತೈಲ ಯಾವುದೂ ಇದಕ್ಕೆಂದು ಮಾಡಿದ್ದಲ್ಲ. ಅದರ ವಿದ್ಯುತ್ ಸ್ವಿಚ್ಚುಗಳನ್ನೂ ಹೊತ್ತಬಲ್ಲ ಗ್ಯಾಸನ್ನು ಲೆಕ್ಕಕ್ಕೆ ತೆಗೆದುಕೊಂಡು ಜೋಡಿಸಿರುವುದಿಲ್ಲ. ಪ್ರೊಪೇನಿನ ಒತ್ತಡ ಆರ್-22ಕ್ಕೆ ಹತ್ತಿರವಿರುವುದರಿಂದ ಅದನ್ನು ತುಂಬಿಕೊಡುತ್ತೇವೆ ಎನ್ನುವವರೂ ಸಿಗಬಹುದು. ಆ ಏಸಿ ಚೆನ್ನಾಗಿಯೇ ತಂಪು ಮಾಡೀತು. ಆದರೆ ಮುಂದಿನ ಬೇಸಿಗೆಗೆ ಬರುವ ಇನ್ನೊಬ್ಬ ಮೆಕ್ಯಾನಿಕ್ ಚೀಟಿಯಲ್ಲಿ ಆರ್-22 ಎಂದು ಓದಿ, ನಿಶ್ಚಿಂತೆಯಿಂದ ಟಾರ್ಚ್ ಹಚ್ಚುತ್ತಾನೆ.