ಹತ್ತು ಕಿಲೋಮೀಟರಿನ ಓಟದಿಂದ ಮ್ಯಾರಥಾನಿನ ಗುರಿಸಮಯವನ್ನು ಅಳೆಯುವ ಬಗೆ

ಹತ್ತು ಕಿಲೋಮೀಟರಿನ ಸ್ಪರ್ಧೆಯನ್ನು ಒಂದು ಗಂಟೆಯಲ್ಲಿ ಮುಗಿಸಿದವರು ಮ್ಯಾರಥಾನಿಗೆ ಹೆಸರು ಬರೆಸಿದೊಡನೆ ಕೇಳುವ ಪ್ರಶ್ನೆ ಒಂದೇ: 42.195 ಕಿಲೋಮೀಟರನ್ನು ನಾನು ಎಷ್ಟು ಸಮಯದಲ್ಲಿ ಓಡಬಲ್ಲೆ? ಇದಕ್ಕೆ ಉತ್ತರ ಕೊಡುವ ಸಿದ್ಧ ಕೋಷ್ಟಕಗಳಿವೆ. ಒಂದು ದೂರದ ಸಮಯವನ್ನು ಕೊಟ್ಟರೆ ಮತ್ತೊಂದು ದೂರಕ್ಕೆ ಅದಕ್ಕೆ ಸಮನಾದ ಸಮಯವನ್ನು ಇವು ತೋರಿಸುತ್ತವೆ. ಆದರೆ ಈ ಕೋಷ್ಟಕಗಳು ಕೊಡುವ ಸಂಖ್ಯೆ ಒಂದು ಷರತ್ತಿಗೆ ಒಳಪಟ್ಟದ್ದು. ಆ ಷರತ್ತನ್ನು ತಿಳಿಯದೆ ಗುರಿ ಇಟ್ಟುಕೊಂಡವರು ಮೂವತ್ತನೆಯ ಕಿಲೋಮೀಟರಿನ ನಂತರ ಅದರ ಬೆಲೆ ತೆರಬೇಕಾಗುತ್ತದೆ.

ಬಹುಪಾಲು ಕೋಷ್ಟಕಗಳ ಹಿಂದಿರುವ ತತ್ತ್ವ ಸರಳವಾದುದು. ದೂರ ಹೆಚ್ಚಿದಂತೆ ವೇಗ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ, ಆ ಕುಗ್ಗುವಿಕೆಗೂ ಒಂದು ಕ್ರಮವಿದೆ. ಅಮೆರಿಕದ ಇಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಇದನ್ನು ಒಂದು ಸೂತ್ರವಾಗಿ ಪ್ರಕಟಿಸಿದರು. ಅದರ ಪ್ರಕಾರ ದೂರ ಇಮ್ಮಡಿಯಾದರೆ ಸಮಯ ಎರಡು ಪಟ್ಟಾಗುವುದಿಲ್ಲ, ಸುಮಾರು 2.085 ಪಟ್ಟಾಗುತ್ತದೆ. ಹತ್ತು ಕಿಲೋಮೀಟರಿನಿಂದ ಮ್ಯಾರಥಾನಿಗೆ ಲೆಕ್ಕ ಹಾಕಿದರೆ ಗುಣಕ 4.6 ಆಗುತ್ತದೆ. 50 ನಿಮಿಷದಲ್ಲಿ ಹತ್ತು ಕಿಲೋಮೀಟರ್ ಓಡುವವರಿಗೆ ಮ್ಯಾರಥಾನ್ ಸಮಯ 3 ಗಂಟೆ 50 ನಿಮಿಷ. ಓಟದ ತರಬೇತುದಾರ ಜಾಕ್ ಡೇನಿಯಲ್ಸ್ ಅವರ ಕೋಷ್ಟಕವು ಬೇರೆ ಹಾದಿಯಿಂದ ಲೆಕ್ಕ ಹಾಕಿದರೂ ಇದೇ ಸಮಯಕ್ಕೆ ಬಂದು ನಿಲ್ಲುತ್ತದೆ. ಎರಡೂ ಒಪ್ಪಿದ ಮೇಲೆ ಸಂದೇಹವೇಕೆ ಎಂದು ಓದುಗರಿಗೆ ಅನಿಸುವುದು ಸಹಜ.

ಸಂದೇಹಕ್ಕೆ ಕಾರಣ ಶರೀರದಲ್ಲಿದೆ. ಓಡುವಾಗ ಸ್ನಾಯುಗಳು ಸುಡುವ ಮುಖ್ಯ ಇಂಧನ ಗ್ಲೈಕೋಜನ್, ಅಂದರೆ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಪಿಷ್ಟ. ಈ ಸಂಗ್ರಹದಿಂದ ದೊರೆಯುವ ಶಕ್ತಿ ಸುಮಾರು 2000 ಕ್ಯಾಲೊರಿ. ಓಟಕ್ಕೆ ತಗಲುವ ವೆಚ್ಚ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕಿಲೋಮೀಟರಿಗೊಂದು ಕ್ಯಾಲೊರಿಯಷ್ಟು. 65 ಕಿಲೋ ತೂಕದವರಿಗೆ ಹತ್ತು ಕಿಲೋಮೀಟರಿಗೆ 650 ಕ್ಯಾಲೊರಿ ಸಾಕು. ಉಗ್ರಾಣದ ಮೂರನೆಯ ಒಂದು ಭಾಗ ಮಾತ್ರ ಖಾಲಿಯಾಗುತ್ತದೆ. ಮ್ಯಾರಥಾನಿಗಾದರೋ 2700 ಕ್ಯಾಲೊರಿಗೂ ಮೀರಿ ಬೇಕು. ಕೊರತೆಯನ್ನು ಕೊಬ್ಬಿನಿಂದ ತುಂಬಿಸಬೇಕು. ಕೊಬ್ಬನ್ನು ಹೆಚ್ಚಾಗಿ ಸುಡುವ ಸಾಮರ್ಥ್ಯ ತಿಂಗಳುಗಟ್ಟಲೆಯ ದೀರ್ಘ ಓಟಗಳಿಂದ ಮಾತ್ರ ಬರುತ್ತದೆ. ಹೀಗೆ ಹತ್ತು ಕಿಲೋಮೀಟರಿನ ಸ್ಪರ್ಧೆ ಹೃದಯ ಮತ್ತು ಶ್ವಾಸಕೋಶಗಳ ಬಲವನ್ನು ಅಳೆಯುತ್ತದೆಯೇ ಹೊರತು ಉಗ್ರಾಣದ ಬಾಳಿಕೆಯನ್ನು ಅಳೆಯುವುದಿಲ್ಲ. ಆ ಬಾಳಿಕೆ ಈಗಾಗಲೇ ಸಿದ್ಧವಾಗಿದೆ ಎಂಬುದೇ ಕೋಷ್ಟಕದ ಷರತ್ತು.

ಹವ್ಯಾಸಿ ಓಟಗಾರರಲ್ಲಿ ಅನೇಕರು ಈ ಷರತ್ತನ್ನು ಪೂರೈಸುವುದಿಲ್ಲ. 2016ರಲ್ಲಿ ಆ್ಯಂಡ್ರ್ಯೂ ವಿಕರ್ಸ್ ಮತ್ತು ಎಮಿಲಿ ವರ್ಟೊಸಿಕ್ ಎರಡು ಸಾವಿರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಸಮಯಗಳನ್ನು ಪರಿಶೀಲಿಸಿದರು. ರೀಗಲ್ ಸೂತ್ರವು ಅರ್ಧ ಮ್ಯಾರಥಾನಿನವರೆಗೆ ಸರಿಯಾಗಿಯೇ ಹೊಂದುತ್ತದೆ, ಆದರೆ ಪೂರ್ಣ ಮ್ಯಾರಥಾನಿನಲ್ಲಿ ಅರ್ಧದಷ್ಟು ಮಂದಿಗೆ ಕನಿಷ್ಠ 10 ನಿಮಿಷ ಹೆಚ್ಚು ವೇಗದ ಸಮಯವನ್ನು ತೋರಿಸುತ್ತದೆ ಎಂದು ಅವರು ಕಂಡುಕೊಂಡರು.

ಇನ್ನು ಒಂದು ಲೆಕ್ಕವನ್ನು ಪೂರ್ಣವಾಗಿ ಮಾಡಿ ನೋಡೋಣ. ಒಬ್ಬ ಓಟಗಾರರು ಹತ್ತು ಕಿಲೋಮೀಟರನ್ನು ಸರಿಯಾಗಿ 60 ನಿಮಿಷದಲ್ಲಿ ಓಡಿದ್ದಾರೆ, ವಾರಕ್ಕೆ 35 ಕಿಲೋಮೀಟರ್ ಅಭ್ಯಾಸ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಮೊದಲು ಆ 60 ನಿಮಿಷ ನಂಬಲರ್ಹವೇ ಎಂದು ನೋಡಬೇಕು. ಅದು ಅಳತೆ ಮಾಡಿದ ಮಾರ್ಗದಲ್ಲಿ, ಕಳೆದ ಆರೆಂಟು ವಾರಗಳೊಳಗೆ, ಪೂರ್ಣ ಶಕ್ತಿ ಹಾಕಿ ಓಡಿದ ಸ್ಪರ್ಧೆಯಾಗಿರಬೇಕು. ಕೈಗಡಿಯಾರ ತೋರಿಸಿದ ಹತ್ತು ಕಿಲೋಮೀಟರ್ ನೂರಾರು ಮೀಟರಿನಷ್ಟು ತಪ್ಪಾಗಿರಬಹುದು. ಅಲ್ಲಿ ಅರ್ಧ ನಿಮಿಷ ತಪ್ಪಿದರೂ ಮ್ಯಾರಥಾನಿನ ಲೆಕ್ಕದಲ್ಲಿ ಅದು ಎರಡು ನಿಮಿಷಕ್ಕೂ ಹೆಚ್ಚಾಗುತ್ತದೆ.

60 ನಿಮಿಷವನ್ನು 4.6ರಿಂದ ಗುಣಿಸಿದರೆ 276 ನಿಮಿಷ, ಅಂದರೆ 4 ಗಂಟೆ 36 ನಿಮಿಷ ಬರುತ್ತದೆ. ಕಿಲೋಮೀಟರಿಗೆ 6 ನಿಮಿಷ 32 ಸೆಕೆಂಡಿನ ವೇಗ ಇದು. ಇದನ್ನೇ ಗುರಿಯೆಂದು ಬರೆದುಕೊಳ್ಳುವ ಮುನ್ನ ನಡುವಿನ ಒಂದು ಮೆಟ್ಟಿಲನ್ನು ಪರೀಕ್ಷಿಸಬೇಕು. ಮ್ಯಾರಥಾನಿಗೆ ಐದಾರು ವಾರ ಮುಂಚೆ ಒಂದು ಅರ್ಧ ಮ್ಯಾರಥಾನನ್ನು ಸ್ಪರ್ಧೆಯಾಗಿ ಓಡಬೇಕು. ಕೋಷ್ಟಕದ ಪ್ರಕಾರ 60 ನಿಮಿಷದವರ ಅರ್ಧ ಮ್ಯಾರಥಾನ್ ಸಮಯ 2 ಗಂಟೆ 12 ನಿಮಿಷ. ನಮ್ಮ ಓಟಗಾರರು ಅದನ್ನು 2 ಗಂಟೆ 20 ನಿಮಿಷದಲ್ಲಿ ಮುಗಿಸಿದರೆನ್ನಿ. ಇದು ಕೋಷ್ಟಕಕ್ಕಿಂತ ಶೇಕಡ 6ರಷ್ಟು ನಿಧಾನ. ದೂರ ಹೆಚ್ಚಿದಂತೆ ಅವರ ವೇಗ ಕೋಷ್ಟಕ ಊಹಿಸಿದ್ದಕ್ಕಿಂತ ಬೇಗ ಕುಗ್ಗುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ಈಗ ಅರ್ಧ ಮ್ಯಾರಥಾನಿನ 140 ನಿಮಿಷವನ್ನು 2.085ರಿಂದ ಗುಣಿಸಿದರೆ 292 ನಿಮಿಷ. ಮುಂದಿನ ಇಮ್ಮಡಿ ದೂರದಲ್ಲಿಯೂ ಅದೇ ಶೇಕಡ 6 ಕುಗ್ಗುತ್ತದೆಂದು ಎಣಿಸಿ 17 ನಿಮಿಷ ಕೂಡಿಸಿದರೆ 309. ಹಾಗಾಗಿ ಇವರಿಗೆ ವಾಸ್ತವವಾದ ಗುರಿ 5 ಗಂಟೆ 10 ನಿಮಿಷ, ಕಿಲೋಮೀಟರಿಗೆ 7 ನಿಮಿಷ 20 ಸೆಕೆಂಡಿನ ಆಸುಪಾಸು. ಅರ್ಧ ಮ್ಯಾರಥಾನ್ 2 ಗಂಟೆ 13 ನಿಮಿಷದಲ್ಲಿ ಮುಗಿದಿದ್ದರೆ, ಜೊತೆಗೆ 28ರಿಂದ 32 ಕಿಲೋಮೀಟರಿನ ದೀರ್ಘ ಓಟಗಳನ್ನು ಮೂರು ನಾಲ್ಕು ಬಾರಿ ಸಮಾಧಾನದಿಂದ ಪೂರೈಸಿದ್ದರೆ, 4 ಗಂಟೆ 40 ನಿಮಿಷಕ್ಕೆ ಧೈರ್ಯ ಮಾಡಬಹುದಿತ್ತು.

ಎರಡು ಗುರಿಗಳ ನಡುವಿನ 34 ನಿಮಿಷ ಕೇವಲ ಅಭಿಮಾನದ ವಿಷಯವಲ್ಲ. ಇದೇ ಓಟಗಾರರು 6 ನಿಮಿಷ 32 ಸೆಕೆಂಡಿನ ವೇಗದಲ್ಲಿ ಹೊರಟರೆ ಮೊದಲ ಇಪ್ಪತ್ತು ಕಿಲೋಮೀಟರ್ ಹಗುರವೆನಿಸುತ್ತದೆ. ಮೂವತ್ತು ಕಿಲೋಮೀಟರ್ ಮುಗಿಯುವಾಗ 3 ಗಂಟೆ 16 ನಿಮಿಷ ಕಳೆದಿರುತ್ತದೆ. ಅಲ್ಲಿಗೆ ಗ್ಲೈಕೋಜನ್ ಬರಿದಾಗಿ ತೊಡೆ ಬಿಗಿದು, ಓಟ ನಡಿಗೆಗಳನ್ನು ಬೆರೆಸುತ್ತ ಕಿಲೋಮೀಟರಿಗೆ ಹತ್ತು ನಿಮಿಷಕ್ಕೆ ಇಳಿದರೆ ಉಳಿದ 12.2 ಕಿಲೋಮೀಟರಿಗೆ ಮತ್ತೆ 122 ನಿಮಿಷ ಬೇಕು. ಒಟ್ಟು 5 ಗಂಟೆ 18 ನಿಮಿಷ. ವಿವೇಕದ ಗುರಿಗಿಂತ ಎಂಟು ನಿಮಿಷ ತಡವಾಗಿ, ಎರಡು ಗಂಟೆ ಯಾತನೆಪಟ್ಟು ಮುಗಿಸಿದಂತಾಗುತ್ತದೆ.

ತಪ್ಪು ವೇಗದ ಗುರುತು ಮೂವತ್ತನೆಯ ಕಿಲೋಮೀಟರಿಗಿಂತ ಮೊದಲೇ ಸಿಗುತ್ತದೆ. ಹದಿನೈದನೆಯ ಕಿಲೋಮೀಟರಿನಲ್ಲಿ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲಾಗದಿದ್ದರೆ, ಅಥವಾ ವೇಗ ಬದಲಾಗದಿದ್ದರೂ ಹೃದಯಬಡಿತ ಏರುತ್ತಲೇ ಹೋದರೆ, ಗುರಿ ಅತಿಯಾಗಿದೆ ಎಂದರ್ಥ. ಆಗಲೇ ಕಿಲೋಮೀಟರಿಗೆ ಇಪ್ಪತ್ತು ಸೆಕೆಂಡು ಇಳಿಸಿದರೆ ಓಟ ಉಳಿಯುತ್ತದೆ.

ಕೋಷ್ಟಕ ಕಾಣದ ಇನ್ನೊಂದು ಸಂಗತಿ ಹವಾಮಾನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಮುಂಜಾವಿನಲ್ಲಿ ಹತ್ತು ಕಿಲೋಮೀಟರ್ ಓಡಿದವರು ಬಿಸಿಲೇರುವ ಮೊದಲೇ ಮನೆ ಸೇರಿರುತ್ತಾರೆ. ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಐದು ಗಂಟೆ ಓಡುವವರಿಗೆ ಕಡೆಯ ಹತ್ತು ಕಿಲೋಮೀಟರ್ ಕಡಲ ತೀರದ ತೇವ ಮತ್ತು ಬಿಸಿಲಿನಲ್ಲಿ ಕಳೆಯುತ್ತದೆ. ನಿಧಾನವಾಗಿ ಓಡುವವರಿಗೇ ಬಿಸಿಲು ಹೆಚ್ಚು. ಆದ್ದರಿಂದ ಅಂತಹ ಊರಿನ ಸ್ಪರ್ಧೆಗೆ 5 ಗಂಟೆ 10 ನಿಮಿಷದ ಗುರಿಯ ಮೇಲೆ ಇನ್ನೂ ಹತ್ತು ನಿಮಿಷ ಸೇರಿಸಿಕೊಂಡು, ಮೊದಲ ಅರ್ಧವನ್ನು 2 ಗಂಟೆ 40 ನಿಮಿಷದ ಒಳಗೆ ಮುಗಿಸದಿರುವುದು ಲೇಸು. ಮೂವತ್ತೆರಡನೆಯ ಕಿಲೋಮೀಟರಿನಲ್ಲಿ ಕಾಲುಗಳು ಇನ್ನೂ ಮಾತು ಕೇಳುತ್ತಿದ್ದರೆ, ಉಳಿಸಿಕೊಂಡ ಶಕ್ತಿಯನ್ನು ಅಲ್ಲಿಂದ ಮುಂದೆ ಖರ್ಚು ಮಾಡಲು ಅಡ್ಡಿಯಿಲ್ಲ.