ಬಿಸಿಲು ಜಾಸ್ತಿ, ಯೂನಿಟ್ ಯಾಕೆ ಕಮ್ಮಿ?

ಏಪ್ರಿಲ್ ತಿಂಗಳ ಕಲಬುರಗಿ. ಮಧ್ಯಾಹ್ನ ನೆರಳಲ್ಲೇ 40 ಡಿಗ್ರಿ. ಇಂಥ ಬಿಸಿಲಿಗೆ ಮಾಳಿಗೆಯ ಮೇಲಿನ 3 ಕಿಲೋವ್ಯಾಟ್ ಸೋಲಾರ್ ಪೂರ್ತಿ 3 ಕಿಲೋವ್ಯಾಟ್ ಕೊಡಬೇಕು ಎಂದುಕೊಂಡು ಮೊಬೈಲ್ ನೋಡಿದರೆ, ಅಲ್ಲಿ ಎರಡೂಕಾಲಿನ ಆಸುಪಾಸಿನ ಅಂಕಿ ಕಾಣುತ್ತದೆ. ಪ್ಯಾನೆಲ್ ಕೆಟ್ಟಿಲ್ಲ. ಅದು ಕಾದಿದೆ, ಅಷ್ಟೆ.

ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಶಾಖವಲ್ಲ. ಅದರ ಹಿಂಬದಿಯ ಲೇಬಲ್‌ನಲ್ಲಿರುವ ವ್ಯಾಟ್, ಒಳಗಿನ ಸಿಲಿಕಾನ್ ಕೋಶಗಳು 25 ಡಿಗ್ರಿಯಲ್ಲಿದ್ದಾಗ ಪ್ರಯೋಗಾಲಯದಲ್ಲಿ ಅಳೆದದ್ದು. ಮಾಳಿಗೆಯ ಮೇಲೆ ನಡುಮಧ್ಯಾಹ್ನ ಕೋಶಗಳು ಗಾಳಿಗಿಂತ ಸುಮಾರು 30 ಡಿಗ್ರಿ ಹೆಚ್ಚು ಕಾದಿರುತ್ತವೆ. ಗಾಳಿ 40 ಇದ್ದರೆ ಕೋಶ 70. ಸಿಲಿಕಾನ್ ಕಾದಂತೆ ಅದರ ವೋಲ್ಟೇಜ್ ಕುಸಿಯುತ್ತದೆ. ಕರೆಂಟ್ ತುಸು ಏರಿದರೂ ಆ ನಷ್ಟ ತುಂಬುವುದಿಲ್ಲ. ಈಗ ಬಳಕೆಯಲ್ಲಿರುವ ಬಹಳಷ್ಟು ಪ್ಯಾನೆಲ್‌ಗಳಲ್ಲಿ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಉತ್ಪಾದನೆ ಇಳಿಯುತ್ತದೆ. 45 ಡಿಗ್ರಿ ಏರಿಕೆಗೆ ಹೆಚ್ಚುಕಮ್ಮಿ ಶೇ. 16 ಹೋಯಿತು; 3,000 ವ್ಯಾಟ್‌ನಲ್ಲಿ ಉಳಿದದ್ದು 2,500. ಧೂಳು, ವೈರು, ಇನ್ವರ್ಟರ್ ತಮ್ಮ ಪಾಲು ಕಳೆದ ಮೇಲೆ ಮೊಬೈಲ್‌ನಲ್ಲಿ ಕಾಣುವ ಅಂಕಿ ಬರುತ್ತದೆ.

ದಿನದ ಲೆಕ್ಕ ಇಷ್ಟು ಕಠಿಣವಲ್ಲ. ದಿನವಿಡೀ ಬೀಳುವ ಬೆಳಕು ಆರು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದಿಟ್ಟುಕೊಂಡರೆ ಕಾಗದದ ಮೇಲೆ 18 ಯೂನಿಟ್. ಬೆಳಗ್ಗೆ, ಸಂಜೆ ಪ್ಯಾನೆಲ್ ಇಷ್ಟು ಕಾಯದ ಕಾರಣ ದಿನದ ಶಾಖನಷ್ಟ ಶೇ. 12ರ ಸುಮಾರು. ಉಳಿಯುವುದು 16. ಉಳಿದ ನಷ್ಟಗಳಿಗೆ ಹತ್ತರಲ್ಲೊಂದು ಪಾಲು ಬಿಟ್ಟರೆ ಕೈಗೆ ಸಿಗುವುದು 14 ಯೂನಿಟ್. ಫೆಬ್ರವರಿಯ ತಿಳಿ ಆಕಾಶದ ದಿನವೊಂದು ಏಪ್ರಿಲ್‌ಗೆ ಸರಿಸಮನಾಗಿ ನಿಲ್ಲುವುದೂ ಇದೇ ಕಾರಣಕ್ಕೆ.

ಹಾಗೆಂದು ಎಲ್ಲ ನಷ್ಟವನ್ನೂ ಬಿಸಿಲಿನ ಲೆಕ್ಕಕ್ಕೆ ಬರೆಯಬಾರದು. ಮಧ್ಯಾಹ್ನ ಇನ್ವರ್ಟರ್‌ನ ಡಿಸಿ ವೋಲ್ಟೇಜ್ ನೋಡಿ. ಲೇಬಲ್‌ನಲ್ಲಿ ತಲಾ 38 ವೋಲ್ಟ್ ಇರುವ ಆರು ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಮೊತ್ತ 228. ಅದು 190ರ ಹತ್ತಿರ ಇದ್ದರೆ ಶಾಖದ ಕೆಲಸ. ವೋಲ್ಟೇಜ್ ಅಷ್ಟೇ ಇದ್ದು, ಶುಭ್ರ ಬಿಸಿಲಲ್ಲೂ ಆಂಪಿಯರ್ ಕುಗ್ಗಿದ್ದರೆ ಧೂಳನ್ನು ಶಂಕಿಸಿ. ವೋಲ್ಟೇಜ್ 150ಕ್ಕೆ ಇಳಿದಿದ್ದರೆ ನೆರಳೋ, ಪ್ಯಾನೆಲ್ ದೋಷವೋ ಇರಬೇಕು, ತಂತ್ರಜ್ಞರನ್ನು ಕರೆಸಿ.

ಶಾಖವನ್ನು ಪೂರ್ತಿ ತಪ್ಪಿಸಲಾಗದು, ತಗ್ಗಿಸಬಹುದು. ಪ್ಯಾನೆಲ್ಲನ್ನು ತಗಡಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಅರ್ಧ ಅಡಿಯಾದರೂ ಗಾಳಿಯಾಡಲು ಬಿಡಿಸಿ. ಇನ್ವರ್ಟರ್ ನೆರಳಲ್ಲಿರಲಿ, ಅತಿಯಾಗಿ ಕಾದರೆ ಅದೂ ಉತ್ಪಾದನೆ ತಗ್ಗಿಸುತ್ತದೆ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ, ಗಾಜು ಬಿರಿದೀತು, ಬೆಳಗ್ಗೆಯೇ ತೊಳೆಯಿರಿ. ಹೊಸದಾಗಿ ಕೊಳ್ಳುವವರು ವ್ಯಾಟ್ ಜೊತೆಗೆ ‘ಟೆಂಪರೇಚರ್ ಕೋಎಫಿಶಿಯೆಂಟ್’ ಎಷ್ಟೆಂದು ಕೇಳಿ. ಮಾರುವವರು 3 ಕಿಲೋವ್ಯಾಟ್‌ಗೆ ದಿನಕ್ಕೆ 18 ಯೂನಿಟ್ ಗ್ಯಾರಂಟಿ ಎಂದರೆ ನಂಬಬೇಡಿ. ವರ್ಷದ ಸರಾಸರಿ 12 ಬಂದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ.