ಓಡುವ ಕಾಲಾಳಿಗೆ ಕುದುರೆಯ ತಡೆ

ಎದುರಾಳಿಯ ಒಂದು ಕಾಲಾಳಿನ ಮುಂದೆ, ಅದರ ಸಾಲಿನಲ್ಲೂ ಅಕ್ಕಪಕ್ಕದ ಸಾಲುಗಳಲ್ಲೂ ನಿಮ್ಮ ಕಾಲಾಳು ಇಲ್ಲದಿದ್ದರೆ ಅದು 'ಪಾಸ್ಡ್ ಪಾನ್'. ಬಿಟ್ಟರೆ ಕೊನೆಯ ಮನೆಗೆ ಓಡಿ ಮಂತ್ರಿಯಾಗುತ್ತೆ. ಅದರ ನೇರ ಮುಂದಿನ ಮನೆಯಲ್ಲಿ ಒಂದು ಕಾಯಿ ಕೂರಿಸಿ ತಡೆಯಬೇಕು. ಇದನ್ನು ನಿಮ್ಜೊವಿಚ್ 1925ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವಿವರಿಸಿದ.

ಯಾವ ಕಾಯಿ ಕೂರಿಸೋಣ? ಬೋರ್ಡ್ ತೆಗೆದುಕೊಳ್ಳಿ. ಬಿಳಿ ಕಾಲಾಳುಗಳನ್ನು ಡಿ5, ಸಿ4ರಲ್ಲಿ ಇಡಿ. ಕಪ್ಪು ನಿಮ್ಮದು: ಕಾಲಾಳು ಬಿ6ರಲ್ಲಿ. ಡಿ6ರಲ್ಲಿ ಆನೆ ಇಟ್ಟರೆ ಮುಂದಿನ ದಾರಿ ಆ ಕಾಲಾಳಿನಿಂದಲೇ ಮುಚ್ಚಿಹೋಗುತ್ತೆ. ಮಂತ್ರಿ ಇಟ್ಟರೆ ಒಂದು ಒಂಟೆ ಬಂದು ಹೆದರಿಸಿದರೂ ಏಳಲೇಬೇಕು, ಯಾಕಂದ್ರೆ ಅದರ ಬೆಲೆ ಜಾಸ್ತಿ. ಒಂಟೆ ಪರವಾಗಿಲ್ಲ, ಆದರೆ ಅದರ ಓರೆದಾರಿಗೂ ಕಾಯಿಗಳು ಅಡ್ಡ ಬರಬಹುದು.

ಈಗ ಕುದುರೆ ಇಡಿ. ಅದು ಹಾರುವುದರಿಂದ ಎದುರಿನ ಕಾಲಾಳು ಅಡ್ಡಿಯೇ ಅಲ್ಲ. ಕಾವಲು ಕೂತಲ್ಲೇ ಎಂಟು ಮನೆಗಳ ಮೇಲೆ ಕಣ್ಣಿಡುತ್ತೆ. ಸಿ4ರ ಕಾಲಾಳನ್ನೂ ಹೊಡೆಯಲು ನೋಡುತ್ತೆ. ಬೆಲೆಯೂ ಕಡಿಮೆ. ಒಂಟೆ ಹೆದರಿಸಿದರೆ, ಹಿಂದೆ ಆಸರೆ ಇದ್ದರೆ ಸಾಕು, ಏಳಬೇಕಿಲ್ಲ.

ಅದನ್ನು ಎಬ್ಬಿಸುವ ಸುಲಭ ದಾರಿ ಸಿ4ರ ಕಾಲಾಳನ್ನು ಸಿ5ಕ್ಕೆ ತಳ್ಳುವುದು. ಆಗ ನಿಮ್ಮ ಬಿ6ರ ಕಾಲಾಳು ಅದನ್ನು ಹೊಡೆಯಬಹುದು. ಬಿ6 ಖಾಲಿಯಿದ್ದರೆ ತಡೆ ಸಡಿಲ.

ಅಂಚಿನ ಸಾಲಿನಲ್ಲಿ ಮಾತ್ರ ಹುಷಾರು: ಎ6ರಲ್ಲಿ ಕೂತ ಕುದುರೆಗೆ ನಾಲ್ಕೇ ಮನೆ. ಡಿ6ರ ಎಂಟರ ಜೊತೆ ಎಣಿಸಿ ನೋಡಿ.